‘ಟೇಷನ್’ ಅಂದರೆ ನಗುವವರು ‘ನಿಲ್ದಾಣ’ ಅಂದರೆ ಏಕೆ ನಗುವುದಿಲ್ಲ?

ಈ ಬಗೆಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಎಡಗಡೆ ಹಳ್ಳಿಯವರು ಆಡುವ ಮಾತು, ಬಲಗಡೆ ‘ಸರಿಯಾದ’ ಇಂಗ್ಲಿಷ್. ಇಸ್ಕೂಲು ಅಂದರೆ ತಪ್ಪು, ಸ್ಕೂಲ್ ಅನ್ನಬೇಕು. ಟೇಷನ್ ತಪ್ಪು, ಸ್ಟೇಷನ್ ಸರಿ. ಬಸ್ಸು, ಕಾರು, ಪೆನ್ನು ಎಂದು ಕೊನೆಗೆ ‘ಉ’ ಸೇರಿಸುವುದು ಅನಕ್ಷರಸ್ಥರ ಲಕ್ಷಣ. ಕೊನೆಯಲ್ಲಿ ನಗುವ ಮುಖಗಳ ಸಾಲು, ಅದರ ಕೆಳಗೆ ಮಕ್ಕಳಿಗೆ ಈಗಲೇ ತಿದ್ದಿ ಎಂಬ ಬುದ್ಧಿಮಾತು. ಕೆಲವು ಸಂದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ನಾಲಿಗೆಯೇ ದಪ್ಪ, ಅದಕ್ಕೇ ಹೀಗೆ ಎನ್ನುತ್ತವೆ.

ತಮಾಷೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇದನ್ನು ಓದಿದ ಮಗು ಮನೆಯಲ್ಲಿ ಅಪ್ಪನ ಮಾತಿಗೆ ನಗುತ್ತದೆ. ಅಪ್ಪ ಮಗುವಿನ ಶಾಲೆಯ ಸಭೆಯಲ್ಲಿ ಬಾಯಿ ಬಿಡದೆ ಕೂರುತ್ತಾನೆ. ಹಾಗಾಗಿ ಈ ಸಂದೇಶವನ್ನು ಸ್ವಲ್ಪ ನಿಧಾನವಾಗಿ ನೋಡೋಣ ಅನ್ನಿಸಿತು. ನೋಡಲು ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರದ ಕಡೆಯನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಮೊದಲು ಒಂದು ಪರೀಕ್ಷೆ

ಈ ಸಂದೇಶ ಕಳಿಸಿದವರನ್ನೇ ಕೇಳಿ: ಸೊರಬಕ್ಕೆ ಹೇಗೆ ಬಂದಿರಿ? ಅವರು ಬಾಯಲ್ಲಿ ಹೇಳುವುದು ‘ಬಸ್ಸಲ್ಲಿ ಬಂದೆ’ ಎಂದು. ‘ಬಸಲ್ಲಿ ಬಂದೆ’ ಎಂದು ಕನ್ನಡದವರು ಹೇಳುವುದಿಲ್ಲ. ಸ್ವಂತ ವಾಹನ ಇದ್ದರೆ ‘ಕಾರಲ್ಲಿ ಬಂದೆ’. ‘ಕಾರ್ರಲ್ಲಿ’ ಎನ್ನುವುದಿಲ್ಲ. ‘ಪೆನ್ನಲ್ಲಿ ಬರೆ’, ಆದರೆ ‘ಫೋನಲ್ಲಿ ಮಾತಾಡು’. ಒಂದು ಕಡೆ ಕೊನೆಯ ವ್ಯಂಜನ ಇಮ್ಮಡಿ ಆಗಿ ಒತ್ತು ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ. ಇದನ್ನು ನಮಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿಲ್ಲ. ಆದರೂ ಬೆಂಗಳೂರಿನ ಎಂಜಿನಿಯರೂ ಸೊರಬದ ಅಜ್ಜಿಯೂ ಒಂದೇ ರೀತಿ ಹೇಳುತ್ತಾರೆ. ಇಲ್ಲಿ ‘ಉ’ ಕೂಡ ಇಲ್ಲ ಎಂಬುದನ್ನು ಗಮನಿಸಿ. ‘ನಾನು ಬಸ್ ಅಂತಲೇ ಅನ್ನುವುದು’ ಎನ್ನುವವರ ಬಾಯಲ್ಲೂ ಆ ಒತ್ತು ಉಳಿದೇ ಇದೆ. ಅಂದರೆ ಅವರ ತಲೆಯಲ್ಲಿರುವ ಪದ ‘ಬಸ್ಸು’ವೇ.

ಈ ವ್ಯತ್ಯಾಸ ಎಲ್ಲಿಂದ ಬಂತು? ಎಂಟನೆಯದೋ ಒಂಬತ್ತನೆಯದೋ ತರಗತಿಯಲ್ಲಿ ಕಲಿತ ಲಘು ಗುರು ನೆನಪಿಸಿಕೊಳ್ಳಿ. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅನುಸ್ವಾರ ಇದ್ದರೆ ಗುರು, ವ್ಯಂಜನದಲ್ಲಿ ನಿಲ್ಲುವ ಅಕ್ಷರವೂ ಗುರು. ಪರೀಕ್ಷೆಗೆಂದು ಉರುಹೊಡೆದು ಮರೆತ ಆ ನಿಯಮ ನಮ್ಮ ಬಾಯಲ್ಲಿ ದಿನವೂ ಕೆಲಸ ಮಾಡುತ್ತಿದೆ.

‘ಬಸ್’ ವ್ಯಂಜನದಲ್ಲಿ ನಿಲ್ಲುತ್ತದೆ, ಆದ್ದರಿಂದ ಅದು ಒಂದು ಗುರು. ಆಡುಗನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯಬೇಕು. ಇಲ್ಲದಿದ್ದರೆ ಅದಕ್ಕೆ ‘ಇಗೆ’, ‘ಅನ್ನು’, ‘ಅಲ್ಲಿ’ ಅಂಟಿಸುವುದು ಕಷ್ಟ. ಸುಮ್ಮನೆ ‘ಉ’ ಸೇರಿಸಿದರೆ ‘ಬಸು’ ಆಗುತ್ತದೆ, ಎರಡೂ ಲಘು. ಮೂಲ ಪದದಲ್ಲಿದ್ದ ತೂಕ ಹೋಯಿತು. ಆ ತೂಕವನ್ನು ಉಳಿಸಿಕೊಳ್ಳಲು ಕನ್ನಡ ‘ಸ’ಕ್ಕೆ ಒತ್ತು ಕೊಡುತ್ತದೆ. ‘ಬಸ್ಸು’ ಎಂದಾಗ ‘ಬ’ ಒತ್ತಕ್ಷರದ ಹಿಂದೆ ಬಂದು ಗುರುವಾಯಿತು. ‘ಕಾರ್’ನಲ್ಲಿ ಈ ಚಿಂತೆ ಇಲ್ಲ. ‘ಕಾ’ ದೀರ್ಘ, ಆಗಲೇ ಗುರು. ‘ಉ’ ಸೇರಿಸಿದರೆ ಸಾಕು, ‘ಕಾರು’. ‘ಬೆಂಚ್’ನಲ್ಲಿ ಅನುಸ್ವಾರವಿದೆ, ಹಾಗಾಗಿ ‘ಬೆಂಚು’. ‘ಬಲ್ಬ್’ನಲ್ಲಿ ಎರಡು ವ್ಯಂಜನ ಮೊದಲೇ ಇವೆ, ಹಾಗಾಗಿ ‘ಬಲ್ಬು’. ಲಾರಿ, ಬ್ಯಾಟರಿ, ಟೀವಿ ಮುಂತಾದವು ಸ್ವರದಲ್ಲೇ ಮುಗಿಯುವುದರಿಂದ ಅವುಗಳ ಕೊನೆಗೆ ಏನನ್ನೂ ಸೇರಿಸಬೇಕಾಗಿಲ್ಲ.

ಇದು ಇಂಗ್ಲಿಷ್ ಬಂದ ಮೇಲೆ ಹುಟ್ಟಿದ ಚಾಳಿ ಎಂದುಕೊಂಡರೆ ಹಳಗನ್ನಡವನ್ನು ನೋಡಬೇಕು. ಆಗ ಕನ್ನಡದ ಪದಗಳೇ ವ್ಯಂಜನದಲ್ಲಿ ಮುಗಿಯುತ್ತಿದ್ದವು. ಕಲ್, ಕಣ್, ಮುಳ್, ಬಿಲ್, ಪೆಣ್ ಒಂದು ಗುಂಪು. ಪಾಲ್, ಕಾಲ್, ನೀರ್, ಬೇರ್, ಮೀನ್ ಇನ್ನೊಂದು ಗುಂಪು. ಮುಂದೆ ಭಾಷೆ ಬದಲಾಗಿ ಕೊನೆಗೆ ‘ಉ’ ಬಂದಾಗ ಮೊದಲ ಗುಂಪು ಕಲ್ಲು, ಕಣ್ಣು, ಮುಳ್ಳು, ಬಿಲ್ಲು, ಹೆಣ್ಣು ಆಯಿತು. ಎಲ್ಲದಕ್ಕೂ ಒತ್ತು, ಏಕೆಂದರೆ ಸ್ವರ ಹ್ರಸ್ವ. ಎರಡನೆಯ ಗುಂಪು ಹಾಲು, ಕಾಲು, ನೀರು, ಬೇರು, ಮೀನು ಆಯಿತು. ಒತ್ತಿಲ್ಲ, ಏಕೆಂದರೆ ಸ್ವರ ದೀರ್ಘ. ‘ಕಲ್’ ಹೇಗೆ ‘ಕಲ್ಲು’ ಆಯಿತೋ ಹಾಗೆಯೇ ‘ಮಿಲ್’ ‘ಮಿಲ್ಲು’ ಆಗಿದೆ. ‘ಮೀನ್’ ಹೇಗೆ ‘ಮೀನು’ ಆಯಿತೋ ಹಾಗೆಯೇ ‘ಫೋನ್’ ‘ಫೋನು’ ಆಗಿದೆ. ಅರ್ಜುನನ ಬಿಲ್ಲೂ ಕರೆಂಟಿನ ಬಿಲ್ಲೂ ಒಂದೇ ಅಚ್ಚಿನಿಂದ ಬಂದವು. ಎರಡನೆಯದೇ ಹೆಚ್ಚು ನೋಯಿಸುತ್ತದೆ ಎಂಬುದು ಬೇರೆ ಮಾತು.

‘ಬಸ್ಸು’ ಅನಕ್ಷರಸ್ಥರ ತಪ್ಪು ಎನ್ನುವವರು ‘ಕಲ್ಲು’, ‘ಕಣ್ಣು’ಗಳನ್ನೂ ಅದೇ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಉದ್ದದ ಪದಗಳಲ್ಲಿ ನಿಯಮ ಅಷ್ಟು ಗಟ್ಟಿಯಾಗಿಲ್ಲ. ಟಿಕೆಟ್ಟು, ಪಂಪ್‌ಸೆಟ್ಟು, ಪೆನ್ಷನ್ನು ಎಂದು ಒತ್ತು ಬರುತ್ತದೆ. ಆದರೆ ಮೀಟರು, ಡಾಕ್ಟರು, ಟ್ರ್ಯಾಕ್ಟರು ಎಂಬಲ್ಲಿ ಹ್ರಸ್ವದ ಮುಂದಿದ್ದರೂ ‘ರ’ಕ್ಕೆ ಒತ್ತು ಬರುವುದಿಲ್ಲ. ಕಾರಣ ಸರಳ. ಕರ್ರಗೆ, ಬಿರ್ರನೆ ಮುಂತಾದ ಕೆಲವು ಪದಗಳನ್ನು ಬಿಟ್ಟರೆ ಕನ್ನಡಕ್ಕೆ ‘ರ’ದ ಇಮ್ಮಡಿ ಹಿಡಿಸುವುದಿಲ್ಲ. ‘ಹೋಟೆಲ್’ನಂಥ ಪದ ಎರಡು ದಾರಿ ಹಿಡಿಯುತ್ತದೆ. ಕೆಲವರ ಬಾಯಲ್ಲಿ ‘ಹೋಟೆಲ್ಲು’, ಕೆಲವರ ಬಾಯಲ್ಲಿ ‘ಹೋಟ್ಲು’. ಎರಡನೆಯದರಲ್ಲಿ ನಡುವಿನ ಸ್ವರ ಬಿದ್ದುಹೋಗಿದೆ. ಇದೂ ನಮ್ಮ ಹಳೆಯ ಅಭ್ಯಾಸವೇ. ‘ಹೆಸರು’ ಬಾಯಲ್ಲಿ ‘ಹೆಸ್ರು’, ‘ಕೆಲಸ’ ‘ಕೆಲ್ಸ’. ಗದ್ದೆಗೆ ನೀರು ಬಿಡುವ ರೈತ ‘ಮೋಟ್ರು ಸುಟ್ಟೋಯ್ತು’ ಎಂದಾಗ ‘ಮೋಟರು’ ನಡುವಿನ ಸ್ವರವನ್ನು ಅದೇ ರೀತಿ ಕಳೆದುಕೊಂಡಿದೆ.

ಟೇಷನ್ ಮತ್ತು ತಾಳಗುಂದ

ಈಗ ಸಂದೇಶದ ಅಚ್ಚುಮೆಚ್ಚಿನ ಗುರಿಗೆ ಬರೋಣ. ಸೊರಬ ಪೇಟೆಗೆ ರೈಲಿಲ್ಲ, ಹಾಗಾಗಿ ಇಲ್ಲಿ ಬರೀ ‘ಟೇಷನ್’ ಎಂದರೆ ಪೊಲೀಸರದ್ದೇ. ಹಿರಿಯರ ಮಾತಿನಲ್ಲಿ ‘ಸ್ಟೇಷನ್’ನ ಮೊದಲ ‘ಸ’ ಬಿದ್ದುಹೋಗಿರುತ್ತದೆ. ಏಕೆ?

ಅಚ್ಚಗನ್ನಡದ ಪದಗಳು ಒತ್ತಕ್ಷರದಿಂದ ಶುರುವಾಗುವುದಿಲ್ಲ. ಮರ, ನೆಲ, ಹೊಲ, ಮನೆ, ಅಡಿಕೆ, ಕೊಟ್ಟಿಗೆ. ಮನೆಯ ಸುತ್ತಲಿನ ಎಷ್ಟು ಹೆಸರು ಹೇಳಿದರೂ ಮೊದಲ ಅಕ್ಷರದಲ್ಲಿ ಎರಡು ವ್ಯಂಜನ ಕೂಡಿರುವುದು ಸಿಗದು. ಪದದ ನಡುವೆ ಒತ್ತು ಬೇಕಾದಷ್ಟಿದೆ, ಮೊದಲಿಗೆ ಮಾತ್ರ ಇಲ್ಲ. ಹಾಗಾಗಿ ಒತ್ತಿನಿಂದ ಶುರುವಾಗುವ ಪದ ಹೊರಗಿನಿಂದ ಬಂದರೆ ಕನ್ನಡ ಅದನ್ನು ಮೂರರಲ್ಲಿ ಒಂದು ರೀತಿಯಲ್ಲಿ ಒಗ್ಗಿಸಿಕೊಳ್ಳುತ್ತದೆ. ಮುಂದೆ ಒಂದು ಸ್ವರ ಇಡುತ್ತದೆ, ಇಸ್ಕೂಲು. ಇಲ್ಲವೇ ನಡುವೆ ಒಂದು ಸ್ವರ ತೂರಿಸುತ್ತದೆ, ಸ್ಲೇಟ್ ಸಿಲೇಟು, ಗ್ಲಾಸ್ ಗಲಾಸು. ಇಲ್ಲವೇ ಮೊದಲ ವ್ಯಂಜನವನ್ನೇ ಬಿಡುತ್ತದೆ, ಟೇಷನ್.

ಈ ಮೂರರಲ್ಲಿ ಕೊನೆಯ ಎರಡನ್ನು ಕನ್ನಡ ಬ್ರಿಟಿಷರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಸಂಸ್ಕೃತದ ಪದಗಳ ಮೇಲೆ ಬಳಸಿತ್ತು. ಶ್ರೀ ನಡುವೆ ಸ್ವರ ಪಡೆದು ಸಿರಿ ಆಯಿತು. ಸ್ನೇಹ ಮೊದಲ ವ್ಯಂಜನ ಬಿಟ್ಟು ನೇಹ ಆಯಿತು. ಸ್ಥಾನ ತಾಣ ಆಯಿತು. ಇವನ್ನು ನಾವು ತದ್ಭವ ಎಂದು ಶಾಲೆಯಲ್ಲಿ ಓದಿದ್ದೇವೆ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಪದಗಳಿಗೆಂದೇ ಅಪಭ್ರಂಶ ಪ್ರಕರಣ ಎಂಬ ಭಾಗ ಬರೆದ. ಅಪಭ್ರಂಶ ಎಂದು ಕರೆದರೂ ಆತ ಅವನ್ನು ಲೇವಡಿ ಮಾಡಲಿಲ್ಲ. ಯಾವ ಅಕ್ಷರ ಎಲ್ಲಿ ಏನಾಗುತ್ತದೆ ಎಂದು ಕ್ರಮವಾಗಿ ದಾಖಲಿಸಿದ.

‘ತಾಣ’ವನ್ನು ಸ್ವಲ್ಪ ಹಿಡಿದುಕೊಳ್ಳಿ. ‘ಟೇಷನ್ ಅನ್ನಬೇಡಿ, ಶುದ್ಧ ಕನ್ನಡದಲ್ಲಿ ನಿಲ್ದಾಣ ಅನ್ನಿ’ ಎಂದು ಕೆಲವರು ತಿದ್ದುತ್ತಾರೆ. ನಿಲ್ದಾಣ ಎಂದರೆ ನಿಲ್ ಮತ್ತು ತಾಣ ಕೂಡಿ ಆದ ಪದ. ಸಂಧಿಯಲ್ಲಿ ‘ತ’ ‘ದ’ ಆಗಿದೆ. ಆ ತಾಣ ‘ಸ’ ಕಳೆದುಕೊಂಡ ‘ಸ್ಥಾನ’. ಅಂದರೆ ತಪ್ಪಿಗೆ ಮದ್ದೆಂದು ಕೊಟ್ಟ ಪದದೊಳಗೆ ಅದೇ ‘ತಪ್ಪು’ ಕೂತಿದೆ. ಇನ್ನೂ ಒಂದು ಸ್ವಾರಸ್ಯ ಇದೆ. ಇಂಗ್ಲಿಷಿನ ಸ್ಟೇಷನ್ ಲ್ಯಾಟಿನ್‌ನಿಂದ ಬಂದದ್ದು. ಅದರ ಮೂಲಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಹಳೆಯ ಬೇರಿನವು, ಎರಡಕ್ಕೂ ‘ನಿಲ್ಲು’ ಎಂಬ ಅರ್ಥ. ಒಂದೇ ಕುಟುಂಬದ ಎರಡು ಪದ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಕನ್ನಡದ ಹೊಸ್ತಿಲಿಗೆ ಬಂದವು. ಹೊಸ್ತಿಲಲ್ಲಿ ಎರಡೂ ‘ಸ’ವನ್ನು ಬಿಟ್ಟು ಒಳಗೆ ಕಾಲಿಟ್ಟವು. ಒಂದನ್ನು ಬಸ್ ನಿಲ್ದಾಣದ ಫಲಕದಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದೇವೆ, ಇನ್ನೊಂದಕ್ಕೆ ನಗುತ್ತೇವೆ. ಅಂದಹಾಗೆ, ನೀವು ಈಗ ಓದುತ್ತಿರುವ ಈ ಜಾಲತಾಣದ ಹೆಸರಲ್ಲೂ ಅದೇ ತಾಣ ಇದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಹೆಸರು ಈ ಮಾತಿಗೆ ಕಲ್ಲಿನ ಸಾಕ್ಷಿ. ಶಿರಾಳಕೊಪ್ಪದ ಹತ್ತಿರದ ಈ ಊರಿನ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಕಾಲದ, 5ನೇ ಶತಮಾನದ ಸ್ತಂಭ ಶಾಸನ ನಿಂತಿದೆ. ಅದು ಸಂಸ್ಕೃತದಲ್ಲಿದೆ, ಊರನ್ನು ಸ್ಥಾನಕುಂದೂರು ಎಂದು ಕರೆಯುತ್ತದೆ. ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ಊರು ತಾಣಗುಂದೂರು. ಈಗ ತಾಳಗುಂದ. ಮೊದಲ ಅಕ್ಷರ ನೋಡಿ: ‘ಸ್ಥಾ’ ಇದ್ದಲ್ಲಿ ‘ತಾ’. ‘ಸ್ಟೇ’ ಇದ್ದಲ್ಲಿ ‘ಟೇ’ ಬರುವುದೂ ಹೀಗೆಯೇ. ಎರಡನೆಯ ಭಾಗದ ‘ಕ’ ‘ಗ’ ಆಗಿರುವುದು ಮಳೆಕಾಲ ಮಳೆಗಾಲ ಆದಂತೆ. ಜನರ ಬಾಯಲ್ಲಿ ಮೊದಲಿಂದಲೂ ಇದ್ದ ಕನ್ನಡ ಹೆಸರನ್ನೇ ಶಾಸನದ ಕವಿ ಸಂಸ್ಕೃತಕ್ಕೆ ತಕ್ಕಂತೆ ‘ಸ್ಥಾನ’ ಮಾಡಿರಲೂಬಹುದು. ಹಾಗಿದ್ದರೂ ನಮ್ಮ ಮಾತು ಬದಲಾಗುವುದಿಲ್ಲ. ಬರೆಯುವವರ ‘ಸ್ಥ’ಕ್ಕೆ ಆಡುವವರ ‘ತ’ ಜೋಡಿ ಎಂಬುದು ಆ ಕಾಲದವರಿಗೆ ಗೊತ್ತಿತ್ತು.

ಇಸ್ಕೂಲು, ಗಲಾಸು ಅದಲುಬದಲಾಗದೇಕೆ?

ಇನ್ನೊಂದು ವಿಷಯ ಗಮನಿಸಿ. ‘ಇಸ್ಕೂಲು’ ಎನ್ನುವವರು ‘ಇಗ್ಲಾಸು’ ಎನ್ನುವುದಿಲ್ಲ. ‘ಗಲಾಸು’ ಎನ್ನುವವರು ‘ಸಕೂಲು’ ಎನ್ನುವುದು ಈ ಸೀಮೆಯಲ್ಲಿ ಕಿವಿಗೆ ಬೀಳುವುದಿಲ್ಲ. ಬಾಯಿಗೆ ಬಂದಂತೆ ಹೇಳುವುದಾದರೆ ಇಷ್ಟು ಕ್ರಮ ಇರಬಾರದಿತ್ತು.

ನಿಧಾನವಾಗಿ ‘ಗ್ಲಾ’ ಎನ್ನಿ. ‘ಗ’ದಿಂದ ‘ಲ’ಕ್ಕೆ ಹೋಗುವಾಗ ಗಂಟಲಿನ ನಾದ ನಿಲ್ಲುವುದಿಲ್ಲ, ನಡುವೆ ಸಣ್ಣ ಸ್ವರದಂಥದ್ದು ಸುಳಿಯುತ್ತದೆ. ಅದನ್ನೇ ಸ್ವಲ್ಪ ಎಳೆದರೆ ‘ಗಲಾ’. ಮೂಲಕ್ಕೂ ಇದಕ್ಕೂ ಕಿವಿಗೆ ಹೆಚ್ಚು ದೂರವಿಲ್ಲ. ಈಗ ‘ಸ್ಕೂ’ ಎನ್ನಿ. ‘ಸ’ ಬರೀ ಗಾಳಿಯ ಸದ್ದು, ‘ಕ’ ಬರುತ್ತಿದ್ದಂತೆ ಬಾಯಿ ಪೂರ್ತಿ ಮುಚ್ಚುತ್ತದೆ. ಆ ಎರಡರ ನಡುವೆ ಸ್ವರಕ್ಕೆ ಜಾಗವೇ ಇಲ್ಲ. ಅಲ್ಲಿ ಸ್ವರ ತೂರಿಸಿದರೆ ಪದ ಬೇರೆಯೇ ಆಗಿ ಕೇಳುತ್ತದೆ. ಮುಂದೆ ಇಟ್ಟರೆ ‘ಸ್ಕ’ದ ಕಟ್ಟು ಹಾಗೇ ಉಳಿಯುತ್ತದೆ. ‘ಇಸ್’ ಒಂದು ಅಕ್ಷರ, ‘ಕೂ’ ಇನ್ನೊಂದು. ಮೂಲದ ಸದ್ದಿಗೆ ಆದಷ್ಟು ಕಡಿಮೆ ಪೆಟ್ಟು ಬೀಳುವ ಜಾಗವನ್ನು ಕಿವಿ ಆರಿಸಿದೆ.

ಹೀಗೆ ಆರಿಸಿದವರಲ್ಲಿ ನಾವು ಮೊದಲಿಗರೂ ಅಲ್ಲ. ಶಾಲೆಗೆ ಲ್ಯಾಟಿನ್‌ನಲ್ಲಿ ‘ಸ್ಕೋಲಾ’ ಎಂಬ ಪದವಿತ್ತು. ಇಂಗ್ಲಿಷಿನ ಸ್ಕೂಲ್ ಬಂದದ್ದು ಅಲ್ಲಿಂದಲೇ. ಸ್ಪೇನಿನ ಜನ ಅದರ ಮುಂದೆ ಒಂದು ‘ಎ’ ಇಟ್ಟುಕೊಂಡು ‘ಎಸ್ಕ್ವೇಲಾ’ ಮಾಡಿಕೊಂಡರು. ಫ್ರೆಂಚರೂ ಹಾಗೆಯೇ ಸ್ವರ ಇಟ್ಟರು, ಆಮೇಲೆ ‘ಸ’ವನ್ನೂ ಬಿಟ್ಟರು, ಈಗ ಅವರಿಗೆ ಅದು ‘ಎಕೋಲ್’. ಸ್ಪೇನಿನ ಪಂಡಿತರು ಎಸ್ಕ್ವೇಲಾ ಎಂದರೆ ಅದು ಪಠ್ಯಪುಸ್ತಕದ ಭಾಷೆ, ಸೊರಬದ ತಂದೆ ಇಸ್ಕೂಲು ಎಂದರೆ ಫಾರ್ವರ್ಡಿನ ಜೋಕು. ಜಪಾನಿನವರು ಹಾಸಿಗೆಗೆ ಇಂಗ್ಲಿಷಿನ ‘ಬೆಡ್’ ತೆಗೆದುಕೊಂಡಾಗ ಏನು ಮಾಡಿದರು ಗೊತ್ತೇ? ‘ಡ’ವನ್ನು ಇಮ್ಮಡಿ ಮಾಡಿ, ಕೊನೆಗೊಂದು ಸ್ವರ ಸೇರಿಸಿ ‘ಬೆದ್ದೊ’ ಎಂದರು. ನಮ್ಮ ಆಸ್ಪತ್ರೆಗಳಲ್ಲಿ ‘ಬೆಡ್ಡು ಖಾಲಿ ಇಲ್ಲ’ ಎನ್ನುವಾಗಿನ ಬೆಡ್ಡಿಗೂ ಅದಕ್ಕೂ ಕೊನೆಯ ಸ್ವರದ ವ್ಯತ್ಯಾಸ ಅಷ್ಟೇ.

ನಾಲಿಗೆ ದಪ್ಪವೋ, ಕಿವಿ ಚುರುಕೋ?

ನಾಲಿಗೆ ದಪ್ಪ ಎಂಬ ಮಾತನ್ನು ಪರೀಕ್ಷಿಸಲು ‘ತಟ್ಟೆ’ ಎನ್ನಿ. ‘ತ’ಕ್ಕೆ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ, ‘ಟ’ಕ್ಕೆ ಹಿಂದೆ ಸರಿದು ಮೇಲೆ ಮಡಚುತ್ತದೆ. ಇಂಗ್ಲಿಷರ ‘ಟಿ’ ಈ ಎರಡೂ ಅಲ್ಲ. ಅದು ಹಲ್ಲಿನ ಹಿಂದಿನ ಒಸಡಿನ ಏಣಿನಲ್ಲಿ, ನಮ್ಮ ‘ತ’ ಮತ್ತು ‘ಟ’ಗಳ ನಡುವೆ ಹುಟ್ಟುತ್ತದೆ. ನಮ್ಮ ಕಿವಿಯಲ್ಲಿ ಎರಡೇ ಖಾನೆ ಇವೆ. ಅದನ್ನು ಯಾವುದರಲ್ಲಾದರೂ ಹಾಕಲೇಬೇಕು. ಸದ್ದು ‘ಟ’ಕ್ಕೆ ಹತ್ತಿರವೆನಿಸಿ ಟಿಕೆಟ್, ಟೈರ್, ಡಾಕ್ಟರ್ ಎಂದಾಯಿತು. ಇಂಗ್ಲಿಷರ ಕಿವಿಯಲ್ಲಿ ಒಂದೇ ಖಾನೆ. ಹಾಗಾಗಿ ತಾಳಗುಂದದ ‘ತ’ವನ್ನೂ ಶೆಟ್ಟರ ‘ಟ’ವನ್ನೂ ಅವರು ಒಂದೇ ಅಕ್ಷರದಲ್ಲಿ ಬರೆದರು, ಈಗಲೂ ಹಾಗೇ ಬರೆಯುತ್ತೇವೆ.

ಪೋರ್ಚುಗೀಸರ ‘ತ’ ಮಾತ್ರ ನಮ್ಮ ‘ತ’ದ ಹಾಗೆ ಹಲ್ಲಿನದೇ. ಕಿವಿ ಎಷ್ಟು ಚುರುಕು ಎಂದು ನೋಡಲು ಒಂದು ಜೋಡಿ ಸಾಕು. ಇಂಗ್ಲಿಷಿನ ‘ಮಾಸ್ಟರ್’ ಕನ್ನಡದಲ್ಲಿ ಮೇಷ್ಟ್ರು. ಅದೇ ಅರ್ಥದ ಪೋರ್ಚುಗೀಸ್ ‘ಮೆಸ್ತ್ರೆ’ ಕನ್ನಡದಲ್ಲಿ ಮೇಸ್ತ್ರಿ. ಎರಡೂ ಲ್ಯಾಟಿನ್‌ನ ಒಂದೇ ಪದದ ಮಕ್ಕಳು. ಪಾಠ ಹೇಳುವವರು ಬ್ರಿಟಿಷರ ‘ಟ’ ಉಳಿಸಿಕೊಂಡರು, ಗೋಡೆ ಕಟ್ಟಿಸುವವರು ಪೋರ್ಚುಗೀಸರ ‘ತ’ ಉಳಿಸಿಕೊಂಡರು. ಶತಮಾನಗಳಾದರೂ ಅವೆರಡು ಬೆರೆತುಹೋಗಿಲ್ಲ.

‘ಮೇಷ್ಟ್ರು’ ಆದ ಬಗೆಯನ್ನು ಬಿಡಿಸಿ ನೋಡಿದರೆ ಈವರೆಗೆ ಹೇಳಿದ್ದೆಲ್ಲ ಅದರಲ್ಲಿದೆ. ಮಾಸ್ಟರ್‌ಗೆ ‘ಉ’ ಸೇರಿ ಮಾಸ್ಟರು. ಹೆಸರು ಹೆಸ್ರು ಆದಂತೆ ನಡುವಿನ ಸ್ವರ ಬಿದ್ದು ಮಾಸ್ಟ್ರು. ‘ಟ’ದ ಪಕ್ಕ ಕನ್ನಡದ ಕಿವಿಗೆ ‘ಷ’ವೇ ಒಪ್ಪುವುದು: ಕಷ್ಟ, ಇಷ್ಟ, ನಷ್ಟ. ಹಾಗಾಗಿ ‘ಸ್ಟ’ ‘ಷ್ಟ’ ಆಯಿತು. ‘ಲಿಷ್ಟು’, ‘ಪೋಷ್ಟು’ ಎನ್ನುವವರು ಮಾಡುವುದೂ ಇದನ್ನೇ. ಮೊದಲಿನ ‘ಮಾ’ ಬಾಯಿಂದ ಬಾಯಿಗೆ ಹೋಗುತ್ತ ‘ಮೇ’ ಆಯಿತು. ಕೊನೆಯ ‘ರು’ ಇನ್ನೊಂದು ಲಾಭ ತಂದಿತು. ಕನ್ನಡದಲ್ಲಿ ‘ರು’ ಗೌರವದ ಗುರುತು: ಗೌಡರು, ಭಟ್ಟರು, ಅವರು. ಇಂಗ್ಲಿಷಿನ ‘ರ್’ ಮತ್ತು ನಮ್ಮ ‘ಉ’ ಸೇರಿ ಮಾಸ್ಟರು, ಡಾಕ್ಟರು ಎಂದಾದಾಗ ಆ ಹುದ್ದೆಗಳಿಗೆ ಬಹುವಚನದ ಮರ್ಯಾದೆ ಬಿಟ್ಟಿಯಾಗಿ ಸಿಕ್ಕಿತು. ಮೇಷ್ಟ್ರು ಬಂದ್ರು, ಡಾಕ್ಟ್ರು ಬಂದ್ರು. ಟ್ರ್ಯಾಕ್ಟ್ರಿಗೆ ಮಾತ್ರ ‘ಬಂತು’ ಎನ್ನುತ್ತೇವೆ, ಅಲ್ಲಿ ಕನ್ನಡ ಮೋಸಹೋಗುವುದಿಲ್ಲ.

ನಿಜವಾದ ಉಚ್ಚಾರದ ತೊಂದರೆ ಬೇರೆ, ಅದನ್ನು ಗುರುತಿಸುವುದು ಕಷ್ಟವೂ ಅಲ್ಲ. ಮಗು ‘ಇಸ್ಕೂಲು’ ಎಂದರೆ ಅದರ ಬಾಯಲ್ಲಿ ‘ಸ’ ಇದೆ, ‘ಕ’ ಇದೆ. ಎರಡನ್ನೂ ಚೆನ್ನಾಗಿಯೇ ಹೇಳಿದೆ, ಮುಂದೆ ಒಂದು ಸ್ವರ ಇಟ್ಟಿದೆ ಅಷ್ಟೇ. ಅದು ಮನೆಯ ಮಾತು. ಆದರೆ ಐದಾರು ವರ್ಷ ದಾಟಿದ ಮಗು ಸಕ್ಕರೆಗೆ ‘ತಕ್ಕರೆ’, ಕೋಳಿಗೆ ‘ತೋಳಿ’ ಎನ್ನುತ್ತಿದ್ದರೆ, ಅಂದರೆ ಕನ್ನಡದ ಸುಲಭ ಪದಗಳಲ್ಲೇ ಅಕ್ಷರ ತಪ್ಪುತ್ತಿದ್ದರೆ, ಅದನ್ನು ಮುದ್ದು ಎಂದು ಬಿಡಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು, ಆಮೇಲೆ ಮಾತಿನ ಚಿಕಿತ್ಸಕರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ 1965ರಿಂದ ಇದೆ. ಇಂಗ್ಲಿಷ್ ಪದ ಕೊಟ್ಟು ಕನ್ನಡದ ಮಗುವಿನ ನಾಲಿಗೆಯನ್ನು ಅಳೆಯುವುದು ಸರಿಯಾದ ಪರೀಕ್ಷೆಯೇ ಅಲ್ಲ.

ಸೊರಬ್ ಮತ್ತು ಶಿಕಾರ್‌ಪುರ್

ಪದ ತೆಗೆದುಕೊಂಡು ಬದಲಿಸುವುದು ಕನ್ನಡದವರ ಚಾಳಿ ಮಾತ್ರ ಎಂದು ಸಂದೇಶ ಸೂಚಿಸುತ್ತದೆ. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ ಹೊರತಂದರು. ಅವುಗಳ ಇಂಗ್ಲಿಷ್ ಪುಟಗಳಲ್ಲಿ ತಾಲ್ಲೂಕುಗಳ ಹೆಸರು ಸೊರಬ್, ಶಿಕಾರ್‌ಪುರ್. ಜಿಲ್ಲೆ ಶಿಮೊಗಾ. ನಾವು ಅವರ ಪದಗಳ ಕೊನೆಗೆ ಸ್ವರ ಸೇರಿಸಿದರೆ, ಇಂಗ್ಲಿಷ್ ಬರಹದಲ್ಲಿ ನಮ್ಮ ಊರುಗಳ ಕೊನೆಯ ಸ್ವರ ಉದುರಿತು. ನಾವು ಒತ್ತು ಕೊಟ್ಟರೆ ಅಲ್ಲಿ ಒತ್ತು ಹೋಯಿತು: ಶಿವಮೊಗ್ಗದ ‘ಗ್ಗ’ ಒಂಟಿ ‘ಗ’ ಆಯಿತು, ಏಕೆಂದರೆ ಇಂಗ್ಲಿಷಿಗೆ ಒಂದು ಪದದೊಳಗೆ ವ್ಯಂಜನವನ್ನು ಹಿಡಿದು ನಿಲ್ಲಿಸುವ ರೂಢಿ ಇಲ್ಲ. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನಲ್ಲೂ ಶಿವಮೊಗ್ಗ ಎಂದೇ ಬರೆಯಬೇಕೆಂದು ಬದಲಿಸಿತು. ಅದಕ್ಕಿಂತ ಮುಂಚೆ ಶಿಮೊಗಾ ಎಂದು ಬರೆದವರನ್ನು ಅನಕ್ಷರಸ್ಥರು ಎಂದು ಕರೆದ ಫಾರ್ವರ್ಡ್ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸ್ಕೂಲ್, ಸ್ಟೇಷನ್ ಎಂದು ಸರಾಗವಾಗಿ ಹೇಳುವವರು ಈಗ ಹೆಚ್ಚು. ಸಂಸ್ಕೃತದ ಸ್ಥಳ, ಸ್ಪರ್ಧೆ, ಸ್ಕಂದಗಳನ್ನು ಶಾಲೆಯಲ್ಲಿ ಓದಿ ಓದಿ ಕನ್ನಡದ ಬಾಯಿಗೆ ಮೊದಲ ಒತ್ತಕ್ಷರ ರೂಢಿಯಾಗಿದೆ. ಒಂದೇ ಮನೆಯಲ್ಲಿ ಅಜ್ಜಿ ಇಸ್ಕೂಲು, ಅಪ್ಪ ಸ್ಕೂಲು, ಮಗಳು ಸ್ಕೂಲ್ ಎನ್ನುವುದುಂಟು. ಮೂರೂ ಕನ್ನಡವೇ. ಮಗಳು ಕೂಡ ‘ಸ್ಕೂಲಿಗೆ ಹೋಗ್ತೀನಿ, ಬಸ್ಸಿಗೆ ದುಡ್ಡು ಕೊಡಿ’ ಎನ್ನುವಾಗ ಸ್ಕೂಲಿಗೆ ಒತ್ತು ಕೊಡದೆ, ಬಸ್ಸಿಗೆ ಕೊಟ್ಟು, ಹಾಲಿಗೂ ಕಲ್ಲಿಗೂ ಇರುವ ವ್ಯತ್ಯಾಸವನ್ನು ಪಾಲಿಸುತ್ತಾಳೆ.

ನಗೆಗೆ ಹೆದರಿ ತಿದ್ದಿಕೊಳ್ಳಲು ಹೊರಟಾಗ ಮಾತ್ರ ನಿಜವಾದ ಎಡವಟ್ಟು ಆಗುತ್ತದೆ. ‘ಫೋನು’ ಎನ್ನುವಲ್ಲಿ ಇಂಗ್ಲಿಷಿನ ಸದ್ದು ಕೆಳತುಟಿ ಮೇಲಿನ ಹಲ್ಲಿಗೆ ತಾಗಿ ಗಾಳಿ ಉಜ್ಜಿ ಬರುವಂಥದ್ದು. ಕನ್ನಡದ ‘ಫ’ ಎರಡು ತುಟಿ ಕೂಡಿ ಉಸಿರಿನೊಂದಿಗೆ ಬಿಡುವ ‘ಪ’. ಹಾಗಾಗಿ ಹಿರಿಯರು ‘ಪೋನು’, ‘ಆಪೀಸು’ ಎನ್ನುತ್ತಾರೆ. ಅದಕ್ಕೆ ನಕ್ಕಿದ್ದನ್ನು ಕೇಳಿದವರು ಕಷ್ಟಪಟ್ಟು ಇಂಗ್ಲಿಷಿನ ಸದ್ದು ಕಲಿತು, ಆಮೇಲೆ ‘ಫ’ ಕಂಡಲ್ಲೆಲ್ಲ ಅದನ್ನೇ ಹಚ್ಚುತ್ತಾರೆ. ಫಲ, ಸಫಲ, ಫಲಿತಾಂಶ ಇವೆಲ್ಲವೂ ಈಗ ಅನೇಕರ ಬಾಯಲ್ಲಿ ಹಲ್ಲಿಗೆ ತುಟಿ ತಾಗಿಸಿಯೇ ಬರುತ್ತಿವೆ. ಈ ಪದಗಳಲ್ಲಿ ಎರಡು ತುಟಿ ಕೂಡಬೇಕಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟೀವಿ ಹಾಕಿದರೆ ಇದನ್ನು ಕೇಳಬಹುದು.